ಮೊನ್ನೆಯ ಚೀಟಿ

ನಾನು ಇವತ್ತಿಗೂ ಕಳೆಯುವ ಲೆಕ್ಕವನ್ನು ಎರಡು ಸಲ ಮಾಡುತ್ತೇನೆ. ಕೂಡುವುದನ್ನು ಒಂದೇ ಸಲ ಮಾಡಿ ಬಿಟ್ಟುಬಿಡುತ್ತೇನೆ, ಕಳೆಯುವುದನ್ನು ಮಾತ್ರ ಬಿಡುವುದಿಲ್ಲ. ಮನೆಯವರು ನಗುತ್ತಾರೆ. ಇಂಜಿನಿಯರ್ ಆಗಿ ನಿವೃತ್ತನಾದ ಮನುಷ್ಯ ಕಿರಾಣಿ ಅಂಗಡಿಯ ಮುಂದೆ ನಿಂತು ಬೆರಳು ಮಡಚುವುದು ನೋಡುವವರಿಗೆ ತಮಾಷೆಯೇ. ಯಾಕೆ ಹೀಗೆ ಎಂದು ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದ ದಿನ ಬಾಯಿ ಮುಚ್ಚಿಕೊಂಡವನು ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗುವುದರಲ್ಲಿ ಅರ್ಥವೂ ಇಲ್ಲ. ಆದರೂ ಈಗ ಬರೆಯುತ್ತಿದ್ದೇನೆ.

ಅರವತ್ತರ ದಶಕದ ನಡುವಿನ ಮಾತು. ಪುಣೆಯಲ್ಲಿ ಎರಡು ವರ್ಷ ಹೆಚ್ಚಿನ ಓದು ಮುಗಿಸಿ, ನೀರಾವರಿ ಕೆಲಸದ ಮೇಲೆ ನಾನು ಹಾನಗಲ್ಲಿಗೆ ಬಂದಿದ್ದೆ. ನನ್ನ ಊರು ಸವಣೂರು. ಅಪ್ಪನದು ವೀಳ್ಯದೆಲೆ ತೋಟ. ತೋಟಕ್ಕೆ ನೀರು ಕಟ್ಟುವಾಗ ಸಲಿಕೆಯಿಂದ ಒಂದು ಹೆಂಟೆ ಮಣ್ಣು ಎತ್ತುವುದೋ ಅರ್ಧ ಹೆಂಟೆ ಎತ್ತುವುದೋ ಎಂದು ಅಪ್ಪ ಬಹಳ ಹೊತ್ತು ಯೋಚಿಸುತ್ತಿದ್ದ. ಅದನ್ನು ನೋಡಿ ನನಗೆ ಬೇಸರ ಬರುತ್ತಿತ್ತು. ಪುಣೆಯಲ್ಲಿ ಕಲಿತ ಮೇಲೆ ಬೇಸರದ ಜಾಗದಲ್ಲಿ ಕನಿಕರ ಬಂತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ನನ್ನ ಹತ್ತಿರ ಓದು ಪೂರ್ತಿ ಇತ್ತು, ಆ ಮುಕ್ಕಾಲು ಇರಲಿಲ್ಲ.

ಪುಣೆಯಲ್ಲಿ ನನಗೆ ಹಿಡಿಸಿದ ವಿಷಯ ಒಂದೇ. ಯಂತ್ರವನ್ನು ಬಿಡದೆ ನೋಡುತ್ತ ಕೂರದೆ, ಇಂತಿಷ್ಟು ಹೊತ್ತಿಗೊಮ್ಮೆ ಮಾತ್ರ ಅಳೆದು, ಆ ಅಳತೆಯ ಮೇಲೆ ಅದನ್ನು ತಿದ್ದುವ ವ್ಯವಸ್ಥೆ. ಹೀಗೆ ಬಿಟ್ಟು ಬಿಟ್ಟು ಅಳೆಯುವಾಗ, ತಿದ್ದುವ ಕೈ ಜೋರಾದರೆ ತೊಯ್ದಾಟ ನಿಲ್ಲುವ ಬದಲು ಬೆಳೆಯುತ್ತದೆ. ಬೆಳೆಯುತ್ತದೋ ಕುಗ್ಗುತ್ತದೋ ಎಂಬುದು ಅದರ ಸಮೀಕರಣದ ಬಹುಪದಿಯ ಮೂಲಗಳು ತ್ರಿಜ್ಯ ಒಂದಿರುವ ವೃತ್ತದ ಒಳಗಿವೆಯೋ ಹೊರಗಿವೆಯೋ ಎಂಬುದರ ಮೇಲೆ ನಿಂತಿದೆ; ಒಳಗಿದ್ದರೆ ಕುಗ್ಗುತ್ತದೆ. ಮೂಲಗಳನ್ನು ಬಿಡಿಸಿ ತೆಗೆಯುವುದು ಆ ಕಾಲಕ್ಕೆ ತಲೆನೋವಿನ ಕೆಲಸ. ಆಗಷ್ಟೇ ಒಂದು ಕೋಷ್ಟಕದ ಪರೀಕ್ಷೆ ಬಂದಿತ್ತು. ಮೂಲ ಬಿಡಿಸುವ ಗೊಡವೆಯೇ ಬೇಡ, ಬಹುಪದಿಯ ಅಂಕಿಗಳನ್ನು ಸಾಲಾಗಿ ಬರೆ, ಕೆಳಗೆ ಅವನ್ನೇ ಹಿಂದುಮುಂದಾಗಿ ಬರೆ, ಅಡ್ಡಡ್ಡ ಗುಣಿಸಿ ಕಳೆ, ಸಾಲು ಚಿಕ್ಕದಾಗುತ್ತ ಹೋಗುತ್ತದೆ. ಸಾಲಿನ ಮೊದಲ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಹೋಲಿಸಿದರೆ ಉತ್ತರ ಸಿಕ್ಕಿತು. ನಮ್ಮ ಮೇಷ್ಟ್ರು ಅದನ್ನು ಒಂದು ಪತ್ರಿಕೆಯಿಂದ ಕೈಯಲ್ಲಿ ನಕಲು ಮಾಡಿ ಪಾಠ ಹೇಳಿದ್ದರು. ಆ ನಕಲು ನನ್ನ ಟ್ರಂಕಿನಲ್ಲಿ ಪಂಚೆಗಳ ಕೆಳಗೆ ಹಾನಗಲ್ಲಿಗೂ ಬಂತು.

ನನ್ನ ಪಾಲಿಗೆ ಬಂದ ಕೆಲಸ ಹಿರೇಕೆರೂರು ಕಡೆಯ ಒಂದು ಕೆರೆಯದು. ಕೆರೆಯ ಹೆಸರು ಬರೆಯುವುದಿಲ್ಲ. ಅದರ ತೂಬಿನಿಂದ ಎಂಟು ಮೈಲಿ ಕಾಲುವೆ, ಕಾಲುವೆಯ ಕೊನೆಯಲ್ಲಿ ಒಂದು ಊರು, ಎರಡೂ ಕಡೆ ಭತ್ತದ ಗದ್ದೆ. ಕೊನೆಯ ಊರಲ್ಲಿ ನೀರು ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ಎಂದು ತಕರಾರು ಮುಗಿಯುತ್ತಲೇ ಇರಲಿಲ್ಲ. ಅಲ್ಲಿ ಒಂದು ಅಳತೆಯ ಪಟ್ಟಿ ನೆಟ್ಟಿದ್ದರು. ದಿನಾ ಬೆಳಗ್ಗೆ ಒಬ್ಬ ಆಳು ಅದನ್ನು ನೋಡಿ, ನೀರು ಎಷ್ಟು ಇಂಚು ಹೆಚ್ಚು, ಎಷ್ಟು ಇಂಚು ಕಡಿಮೆ ಎಂದು ಚೀಟಿ ಬರೆದು ಬಸ್ಸಿನಲ್ಲಿ ತೂಬಿಗೆ ಕಳಿಸುತ್ತಿದ್ದ. ತೂಬಿನಲ್ಲಿ ಒಬ್ಬ ಮುದುಕ. ಅವನನ್ನು ಎಲ್ಲರೂ ತೂಬಿನಜ್ಜ ಅನ್ನುತ್ತಿದ್ದರು. ವಯಸ್ಸು ಅರವತ್ತು ಕೂಡ ಆಗಿರಲಿಲ್ಲ, ಆದರೆ ಇಪ್ಪತ್ತೈದು ವರ್ಷದಿಂದ ಅದೇ ತೂಬಿನ ಮೇಲೆ ಇದ್ದುದರಿಂದ ಅಜ್ಜ ಆಗಿದ್ದ. ಅಂಕಿ ಬರೆಯಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ತೂಬಿನ ಕಬ್ಬಿಣದ ಸಳಿಗೆ ದೊಡ್ಡ ಚಾವಿ ಹಾಕಿ ತಿರುಗಿಸುವಾಗ ಒಂದೊಂದು ಸುತ್ತಿಗೂ ಒಂದರಂತೆ ಬೆಣಚುಕಲ್ಲುಗಳನ್ನು ಕಟ್ಟೆಯ ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದ.

ಅಲ್ಲಿ ಒಂದು ಪದ್ಧತಿ ಇತ್ತು. ಹೊತ್ತು ಹುಟ್ಟುವಾಗ ದಿನಕ್ಕೆ ಒಂದೇ ಸಲ ತೂಬಿಗೆ ಕೈ ಹಚ್ಚುವುದು. ಆಮೇಲೆ ಮುಟ್ಟುವಂತಿಲ್ಲ. ಹೊತ್ತೇರಿದ ಮೇಲೆ ಯಾರಾದರೂ ಚಾವಿ ಹಿಡಿದರೆ, ಯಾರಿಗೋ ನೀರು ಮಾರಿದ ಎಂದೇ ಊರು ತಿಳಿಯುತ್ತಿತ್ತು. ಬೆಳಗ್ಗೆ ಹೊಲಕ್ಕೆ ಹೋಗುವವರು ಏರಿಯ ಮೇಲೆ ನಿಂತು ನೋಡುತ್ತಿದ್ದರು. ಎಷ್ಟು ಸುತ್ತು ಎಂದು ಯಾರೂ ಎಣಿಸುತ್ತಿರಲಿಲ್ಲ. ಒಂದೇ ಸಲ ಕೈ ಹಚ್ಚಿದನೋ ಇಲ್ಲವೋ, ಅಷ್ಟು ನೋಡಿ ಹೋಗುತ್ತಿದ್ದರು.

ನನಗೆ ಇದು ಹಬ್ಬದೂಟವೇ ಆಯಿತು. ದಿನಕ್ಕೊಮ್ಮೆ ಅಳತೆ, ದಿನಕ್ಕೊಮ್ಮೆ ತಿದ್ದುಪಡಿ, ಪುಣೆಯ ಕಪ್ಪು ಹಲಗೆಯೇ ಎದ್ದು ಬಂದು ಕೆರೆಯ ಏರಿಯ ಮೇಲೆ ಕೂತಂತೆ. ಒಂದು ತಿಂಗಳು ಸೈಕಲ್ಲು ತುಳಿದು ಅಳೆದೆ. ತೂಬನ್ನು ಒಂದು ಸುತ್ತು ಎತ್ತಿದರೆ ಕೊನೆಯಲ್ಲಿ ಮರುದಿನಕ್ಕೆ ಇಂಚಿನ ಐದರಲ್ಲೊಂದು ಭಾಗ ಏರುತ್ತಿತ್ತು. ಇಂದಿನ ಹೆಚ್ಚುವರಿಯಲ್ಲಿ ಅರ್ಧ ನಾಳೆಗೂ ಉಳಿಯುತ್ತಿತ್ತು. ಚೀಟಿ ನಿನ್ನೆಯದು ಎಂದು ಹಿಡಿದೆ, ಯಾಕೆಂದರೆ ಬೆಳಗ್ಗೆ ಏಳರ ಬಸ್ಸಿಗೆ ಹತ್ತಿದ ಚೀಟಿ ಒಂಬತ್ತಕ್ಕೆ ತೂಬು ಮುಟ್ಟಿ ಮರುದಿನದ ಸೂರ್ಯೋದಯಕ್ಕೆ ಕೆಲಸಕ್ಕೆ ಬರುತ್ತಿತ್ತು. ಇಂಚಿಗೆ ಎರಡು ಸುತ್ತು ಎಂದು ಗೊತ್ತುಮಾಡಿದೆ. ನೀರು ಒಂದು ಇಂಚು ಹೆಚ್ಚಿದೆ ಎಂದು ಚೀಟಿ ಬಂದರೆ ಎರಡು ಸುತ್ತು ಇಳಿಸು, ಕಡಿಮೆ ಇದ್ದರೆ ಎರಡು ಸುತ್ತು ಎತ್ತು. ಎರಡನೆಯ ಘಾತದ ಬಹುಪದಿ ಬಂತು, ಅಂಕಿಗಳು 1, −1.5, 0.9. ಕೊನೆಯ ಅಂಕಿ ಒಂದಕ್ಕಿಂತ ಚಿಕ್ಕದು. ಒಂದನ್ನು ಹಾಕಿ ನೋಡಿದರೆ ಧನ, ಋಣ ಒಂದನ್ನು ಹಾಕಿ ನೋಡಿದರೂ ಧನ. ಎರಡನೆಯ ಘಾತಕ್ಕೆ ಅಷ್ಟೇ ಸಾಕು. ಆರ್ಡರ್ ಟೈಪಾಯಿತು, ಮೇಲಿನ ಸಾಹೇಬರ ಸಹಿ ಬಿತ್ತು, ಪ್ರತಿ ತೂಬಿಗೆ ಹೋಯಿತು.

ಮಳೆಗಾಲ ಶುರುವಾಗಿ ನಾಟಿ ನಡೆದಿತ್ತು. ಐದಾರು ವಾರ ಕಾಲುವೆಯ ಕೊನೆಯಲ್ಲಿ ನೀರು ಎರಡು ಇಂಚಿನ ಆಚೀಚೆ ಹೋಗಲಿಲ್ಲ. ಜೋರು ಮಳೆ ಬಂದು ಏರಿದರೂ ಮೆಲ್ಲಗೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ತಕರಾರು ಹೇಳಲು ದಿನಾ ಬರುತ್ತಿದ್ದ ಜನ ಬರುವುದನ್ನು ಬಿಟ್ಟರು. ಸವಣೂರಿಗೆ ಹೋದಾಗ ಅಪ್ಪನ ಮುಂದೆ ನಾನು ಕೊಚ್ಚಿಕೊಂಡದ್ದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ತೂಬಿನ ಮ್ಯಾಲೆ ಯಾರ ಅದಾನ?" ಎಂದಷ್ಟೇ ಕೇಳಿದ. ಯಾರಿದ್ದರೇನು, ಲೆಕ್ಕ ಇದೆಯಲ್ಲ ಎಂದೆ ನಾನು.

ಮೇಲಿನ ಸಾಹೇಬರಿಗೆ ಇದು ಬಹಳ ಸೇರಿತು. ಬೇರೆ ಕೆರೆಗಳಿಗೂ ಹಚ್ಚೋಣ, ವಿವರವಾಗಿ ಬರೆದು ಕೊಡಿ ಎಂದರು. ಬರೆಯುವುದಕ್ಕೆ ಕೆಲವು ದಿನದ ಅಂಕಿ ನಾನೇ ಕಣ್ಣಾರೆ ನೋಡಬೇಕಿತ್ತು. ಹೀಗಾಗಿ ಒಂದು ಬೆಳಗ್ಗೆ ಹೇಳದೆ ಕೇಳದೆ ತೂಬಿಗೆ ಹೋಗಿ ನಿಂತೆ. ಜೋರು ಮಳೆ ಬಿದ್ದಿತ್ತು; ಚೀಟಿಯಲ್ಲಿ ನಾಲ್ಕು ಇಂಚು ಹೆಚ್ಚು ಎಂದಿತ್ತು. ಎಂಟು ಸುತ್ತು ಇಳಿಸಬೇಕು. ಅಜ್ಜ ಚಾವಿಗೆ ಕೈ ಮುಗಿದು, ತಿರುಗಿಸಿ, ನಾಲ್ಕು ಕಲ್ಲು ಸರಿಸಿ, ಚಾವಿ ತೆಗೆದ. ರಿಜಿಸ್ಟರ್ ಬಿಡಿಸಿ ಎಂಟು ಎಂದು ಬರೆದ.

"ಎಂಟು ಎಲ್ಲೈತಿ? ನಾಲ್ಕ ತಿರುವಿದಿ ನೀ."

ಅವನು ಗಾಬರಿಯಾಗಲಿಲ್ಲ. ಸಿಕ್ಕಿಬಿದ್ದ ಕಳ್ಳನ ಹಾಗೆ ಮುಖ ಸಣ್ಣದು ಮಾಡಿದ್ದರೆ ನನ್ನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತೋ ಏನೋ.

"ಹೌದ್ರಿ ಸಾಹೇಬ್ರ. ಅರ್ಧಾನ ತಿರುವ್ತೇನಿ."

"ಎಂದಿನಿಂದ?"

"ನಿಮ್ಮ ಕಾಗದ ಬಂದಾಗಿಂದ."

"ಮತ್ತ ರಿಜಿಸ್ಟರ್‌ನ್ಯಾಗ ಸುಳ್ಳ ಬರಿತಿಯಲ್ಲ?"

"ಕಾಗದದಾಗ ಇದ್ದಂಗ ಬರದೇನ್ರಿ. ಕಾಗದಕ್ಕ ಅವಮಾನ ಆಗಬಾರ್ದಲ್ಲರಿ." ಚಾವಿಯನ್ನು ಕಟ್ಟೆಗೆ ಒರಗಿಸಿ ಮುಂದೆ ಹೇಳಿದ. "ಚೀಟಿ ನಿನ್ನಿದಲ್ರಿ, ಮೊನ್ನಿದು. ನಿಮ್ಮ ಕಾಗದ ಬಂದ ವಾರನ ಬಸ್ಸಿನ ವ್ಯಾಳ್ಯಾ ಬದಲಾಗೇತಿ. ಈಗ ನಸುಕಿನ್ಯಾಗ ಐದಕ್ಕ ಬಿಡ್ತೈತಿ. ಆ ಹೊತ್ತಿಗೆ ಪಟ್ಟಿ ಕಾಣಂಗಿಲ್ಲ. ಇವತ್ತ ಬರದ ಚೀಟಿ ನಾಳಿ ಬಸ್ಸಿಗೆ ಹೊತ್ತೇರಿದ ಮ್ಯಾಲೆ ಬರ್ತೈತಿ, ನಾ ನಾಡದ ತಿರುವ್ತೇನಿ. ಮೊನ್ನಿ ನೀರು ನೋಡಿ ಇವತ್ತ ಪೂರಾ ತಿರುವಿದ್ರ ನೀರು ತೊಯ್ದಾಡ್ತೈತ್ರಿ."

ಈ ಮಾತಿಗೆ ನಾನು ಏನು ಮಾಡಬೇಕಿತ್ತು? ಚೀಟಿಯನ್ನು ಸೈಕಲ್ಲಿನ ಮೇಲೆ ತರಿಸಬಹುದಿತ್ತು. ಇಂಚಿಗೆ ಒಂದೇ ಸುತ್ತು ಎಂದು ಆರ್ಡರ್ ತಿದ್ದಬಹುದಿತ್ತು. ಆದರೆ ಐದಾರು ವಾರ ನಾನು ನನ್ನದೆಂದು ಮೆರೆಸಿದ ಲೆಕ್ಕ, ಅಕ್ಷರ ಬಾರದ ಮುದುಕನ ಅರ್ಧ ಸುತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾನಗಲ್ಲಿಗೆ ಬಂದು, ಊಟ ಕೂಡ ಮಾಡದೆ, ಮೊನ್ನೆಯ ಚೀಟಿಗೆ ತಕ್ಕಂತೆ ಲೆಕ್ಕವನ್ನು ಮತ್ತೆ ಹಾಕಿದೆ.

ಒಂದು ದಿನ ತಡ ಹೆಚ್ಚಾದರೆ ಬಹುಪದಿಯ ಘಾತವೂ ಒಂದು ಹೆಚ್ಚುತ್ತದೆ. ಈಗ ಅದು ಮೂರನೆಯ ಘಾತದ್ದು. ಕೆಳಗಿನಿಂದ ಬರೆದರೆ ಸಾಲು ಹೀಗೆ: 0.4, 0.5, −1.5, 1. ಮೊದಲ ಮೂರು ಷರತ್ತು ನೋಡಿದೆ. ಒಂದನ್ನು ಹಾಕಿದರೆ 0.4, ಧನ, ಸರಿ. ಋಣ ಒಂದನ್ನು ಹಾಕಿದರೆ −2.6. ಬೆಸ ಘಾತಕ್ಕೆ ಇದು ಋಣವೇ ಇರಬೇಕು, ಸರಿ. ಮೊದಲ ಅಂಕಿ ಕೊನೆಯದಕ್ಕಿಂತ ಚಿಕ್ಕದು, ಸರಿ. ಮೂರೂ ಹಾದುಹೋದವು. ಇನ್ನು ಉಳಿದದ್ದು ಕೋಷ್ಟಕದ ಸಾಲು. 0.4, 0.5, −1.5, 1. ಅದರ ಕೆಳಗೆ 1, −1.5, 0.5, 0.4. ಅಡ್ಡ ಗುಣಿಸಿ ಕಳೆದರೆ ಬರುವ ಹೊಸ ಸಾಲಿನ ಮೊದಲ ಅಂಕಿ, 0.4ರ ವರ್ಗದಿಂದ ಒಂದರ ವರ್ಗ ಕಳೆದು −0.84. ಕೊನೆಯ ಅಂಕಿ, 0.4ನ್ನು −1.5ರಿಂದ ಗುಣಿಸಿದರೆ −0.6, ಅದರಿಂದ ಒಂದನ್ನು ಅರ್ಧದಿಂದ ಗುಣಿಸಿದ್ದನ್ನು ಕಳೆಯಬೇಕು.

ನಾನು ಕೂಡಿದೆ.

−0.1 ಎಂದು ಬರೆದೆ. ಚಿಹ್ನೆ ಬಿಟ್ಟು ನೋಡಿದರೆ ಮೊದಲ ಅಂಕಿ ಕೊನೆಯದಕ್ಕಿಂತ ದೊಡ್ಡದಿರಬೇಕು. 0.84 ದೊಡ್ಡದು, 0.1 ಚಿಕ್ಕದು. ಬಹಳ ಅಂತರದಿಂದ ಗೆದ್ದಿದ್ದೆ. ಆ ಅಂತರವನ್ನು ನೋಡಿಯಾದರೂ ಅನುಮಾನ ಬರಬೇಕಿತ್ತು. ತಡ ಹೆಚ್ಚಾದಾಗ ವ್ಯವಸ್ಥೆ ಇಕ್ಕಟ್ಟಿಗೆ ಬರಬೇಕೇ ಹೊರತು ಹೀಗೆ ಆರಾಮಾಗುವುದಿಲ್ಲ. ಆದರೆ ಬೇಕಾದ ಉತ್ತರ ಬಂದಾಗ ಮನುಷ್ಯ ಎರಡನೆಯ ಸಲ ನೋಡುವುದಿಲ್ಲ. ಬೇಡದ ಉತ್ತರ ಬಂದಿದ್ದರೆ ನಾನು ಹತ್ತು ಸಲ ನೋಡುತ್ತಿದ್ದೆ.

ಮರುದಿನ ಆ ಹಾಳೆಯನ್ನೇ ಹಿಡಿದುಕೊಂಡು ತೂಬಿಗೆ ಹೋದೆ. ಏರಿಯ ಮೇಲೆ ನಿಂತಿದ್ದವರ ಎದುರಿಗೇ ಅವನಿಗೆ ಹೇಳಿದೆ. "ಮೊನ್ನಿ ಚೀಟಿ ಅಂತ ಹಿಡದ ನೋಡೇನಿ. ಆದ್ರೂ ಸ್ಥಿರ ಐತಿ. ಇನ್ನ ಮ್ಯಾಲೆ ಒಂದ ಸುತ್ತ ಕಡಿಮಿ ತಿರುವಿದ್ರ ಈ ಚಾವಿ ನಿನ್ನ ಕೈಯಾಗ ಇರಂಗಿಲ್ಲ."

ಅಜ್ಜ ಹಾಳೆಯನ್ನು ಕೈಯಲ್ಲಿ ತೆಗೆದುಕೊಂಡು ಅಂಕಿಗಳನ್ನು ಒಂದೊಂದಾಗಿ ನೋಡಿದ. ಓದಲು ಬರುತ್ತಿದ್ದುದು ಅಷ್ಟೇ. "ನೀವು ಕಲ್ತೋರು. ನೀವು ಹೇಳಿದ್ರ ಮುಗೀತ್ರಿ," ಅಂದ. ಚಾವಿ ಮುಟ್ಟಿ, ಪೂರಾ ತಿರುಗಿಸುತ್ತೇನೆ ಎಂದು ಮಾತು ಕೊಟ್ಟ. ಆ ಮಾತನ್ನು ಅವನು ಕೊನೆಯವರೆಗೂ ಉಳಿಸಿಕೊಂಡ.

ಆ ವಾರ ಒಂದು ಮಳೆ ಬಂದು ಕೊನೆಯಲ್ಲಿ ನೀರು ಎರಡು ಇಂಚು ಏರಿತು. ಇಳಿಯಿತು. ಇಳಿದದ್ದು ನಿಲ್ಲದೆ ಕೆಳಗೆ ಹೋಯಿತು, ಎರಡು ಇಂಚನ್ನೂ ದಾಟಿ. ಮತ್ತೆ ಏರಿತು. ಮೊದಲ ಏರಿನಿಂದ ಎರಡನೆಯ ಏರಿಗೆ ಹನ್ನೆರಡು ದಿನ. ಈ ಸಲ ನಾಲ್ಕೂವರೆ ಇಂಚು, ಅದೂ ಮಳೆ ಇಲ್ಲದ ದಿನ. ಎರಡರಷ್ಟಕ್ಕೂ ಹೆಚ್ಚು ಬೆಳೆದಿತ್ತು. ಆ ಅಂಕಿಗಳು ನನ್ನ ಮೇಜಿನ ಮೇಲೇ ಇದ್ದವು. ಅವುಗಳನ್ನು ನೋಡಿ ನಾನು ಮಾಡಿದ ತೀರ್ಮಾನ ಒಂದೇ, ಮುದುಕ ಮತ್ತೆ ತನ್ನ ಹಳೆಯ ಚಾಳಿ ಶುರು ಮಾಡಿದ್ದಾನೆ. ಆರ್ಡರಿನಂತೆ ಪೂರ್ತಿ ತಿರುಗಿಸತಕ್ಕದ್ದು, ತಪ್ಪಿದರೆ ಕ್ರಮ ಜರುಗಿಸಲಾಗುವುದು ಎಂದು ಒಂದು ನೋಟೀಸು ಕಳಿಸಿದೆ.

ಮೂರು ದಿನಕ್ಕೆ ಅಜ್ಜ ತಾನೇ ಹಾನಗಲ್ಲಿಗೆ ಬಂದ. ಎಷ್ಟೋ ವರ್ಷದಲ್ಲಿ ತೂಬು ಬಿಟ್ಟು ಬಂದದ್ದು ಅದೇ ಮೊದಲು ಎಂದು ಆಮೇಲೆ ಗೊತ್ತಾಯಿತು. ನೋಟೀಸನ್ನು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕುಂತ.

"ಪೂರಾ ತಿರುವಾಕತ್ತೇನ್ರಿ. ಒಂದ ಕಲ್ಲು ತಪ್ಪಿಸಿಲ್ಲ. ನೀರು ಉಯ್ಯಾಲಿ ಆಡಾಕತ್ತೈತಿ. ಬರೂ ಸಲ ಏರಿದ್ರ ಕಡೀ ಊರ ಒಡ್ಡು ತಡಿಯಂಗಿಲ್ಲ. ನೆಟ್ಟಗಿದ್ದ ನೀರಿನ ಮಟ್ಟದ ಮ್ಯಾಲೆ ಒಡ್ಡು ಒಂಬತ್ತ ಇಂಚ ಅಷ್ಟ ಐತ್ರಿ. ಅರ್ಧಾ ತಿರುವಾಕ ಅಪ್ಪಣಿ ಕೊಡ್ರಿ. ನೀವು ಹೂಂ ಅಂದ್ರ ಸಾಕು, ಬರದ ಕೊಡೂದೂ ಬ್ಯಾಡ."

ಅವನು ಕೇಳಿದ್ದು ನನ್ನ ಒಂದು ಹೂಂ. ನನಗೆ ಅದರಲ್ಲಿ ಅಪ್ಪನ ಅರ್ಧ ಹೆಂಟೆ ಕಂಡಿತು. "ಲೆಕ್ಕ ಸುಳ್ಳಾಗಂಗಿಲ್ಲ ಯಜಮಾನ," ಎಂದೆ. "ತಾನ ನಿಲ್ತೈತಿ. ಹೋಗ ನೀ." ಅವನು ಎದ್ದು ಕೈ ಮುಗಿದು ಹೋದ. ಮನೆಯಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂತು ತಿನ್ನುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ.

ಮೂರನೆಯ ಏರು ಲೆಕ್ಕಕ್ಕೆ ತಕ್ಕ ಹಾಗೆ ಬಂತು. ಹತ್ತು ಇಂಚು. ಬೆಳಗ್ಗೆ ಎಂಟರ ಹೊತ್ತಿಗೆ ಕೊನೆಯ ಊರ ಹತ್ತಿರ ಒಡ್ಡು ಒಡೆಯಿತು. ನಾಟಿ ಮಾಡಿದ ಗದ್ದೆಗಳ ಮೇಲೆ ಕೆಸರು ಹರಿಯಿತು. ಒಡ್ಡಿನ ಕೆಳಗಿದ್ದ ಮೊದಲ ಮನೆಯ ಮಣ್ಣಿನ ಗೋಡೆ ಕುಸಿಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಅದರ ಕೆಳಗೆ ಸಿಕ್ಕಳು. ನಾನು ಹೋಗುವ ಹೊತ್ತಿಗೆ ಅವಳನ್ನು ತೆಗೆದು ಹೊರಗೆ ಮಲಗಿಸಿದ್ದರು. ಕೈಗೆ ಹಿಟ್ಟು ಹಾಗೇ ಅಂಟಿಕೊಂಡಿತ್ತು.

ಅವತ್ತು ಹಾನಗಲ್ಲಿಗೆ ಬಂದು ಕೋಷ್ಟಕದ ಹಾಳೆ ತೆಗೆದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕಂಡಿತು. −0.6ರಿಂದ 0.5 ಕಳೆದರೆ −1.1. ಮೊದಲ ಅಂಕಿ 0.84, ಕೊನೆಯದು 1.1. ಚಿಕ್ಕದಾಗಬೇಕಿದ್ದದ್ದು ದೊಡ್ಡದು. ಮೂಲಗಳು ವೃತ್ತದ ಹೊರಗೆ. ನಾನು ಹಾಕಿದ ನಿಯಮಕ್ಕೆ ನೀರು ಹನ್ನೆರಡು ದಿನಕ್ಕೊಮ್ಮೆ ಎರಡರಷ್ಟಕ್ಕಿಂತ ಹೆಚ್ಚು ಬೆಳೆಯಲೇಬೇಕಿತ್ತು. ಅದು ತನ್ನ ಧರ್ಮದಂತೆ ನಡೆದಿತ್ತು.

ಆಮೇಲೆ, ಯಾಕೋ ಗೊತ್ತಿಲ್ಲ, ಇಂಚಿಗೆ ಒಂದು ಸುತ್ತು ಎಂದು ಹಿಡಿದು ಅದೇ ಕೋಷ್ಟಕವನ್ನು ಹಾಕಿದೆ. ಮೊದಲ ಸಾಲು 0.2, 0.5, −1.5, 1. ಹೊಸ ಸಾಲಿನ ಮೊದಲನೆಯದು −0.96, ಕೊನೆಯದು −0.8. ಹಾದುಹೋಯಿತು. ಇಪ್ಪತ್ತೈದು ವರ್ಷ ಚಾವಿ ಹಿಡಿದ ಕೈ ವೃತ್ತದ ಒಳಗೇ ಇತ್ತು. ಅದನ್ನು ಅಲ್ಲಿಂದ ಎಳೆದು ಹೊರಗೆ ಹಾಕಿದವನು ನಾನು. ನಾನು ಅತ್ತೆ. ಅಳುವುದರಿಂದ ಏನೂ ಆಗಲಿಲ್ಲ, ಆ ಹಾಳೆಯನ್ನು ಮಡಚಿ ಟ್ರಂಕಿಗೆ ಹಾಕಿದೆ.

ಸಾವು ಆದದ್ದರಿಂದ ವಿಚಾರಣೆ ನಡೆಯಲೇಬೇಕು. ಶಿಗ್ಗಾವಿಯ ಬಂಗಲೆಯಲ್ಲಿ ಇಟ್ಟರು. ಮೇಲಿನ ಸಾಹೇಬರು ತಡಸದ ಕಡೆಯಿಂದ ಜೀಪಿನಲ್ಲಿ ಬಂದರು. ಮೇಜಿನ ಮೇಲೆ ಎರಡು ಕಾಗದ ಇದ್ದವು, ನೋಟೀಸಿನ ಜೊತೆ ಕಡತಕ್ಕೆ ಹೋಗಿದ್ದ ನನ್ನ ಕೋಷ್ಟಕದ ನಕಲು ಮತ್ತು ತೂಬಿನ ರಿಜಿಸ್ಟರ್. ಕೋಷ್ಟಕವನ್ನು ಓದಬಲ್ಲವರು ಆ ಕೋಣೆಯಲ್ಲಿ ನಾನೊಬ್ಬನೇ. ರಿಜಿಸ್ಟರನ್ನು ಎಲ್ಲರೂ ಓದಬಲ್ಲವರಾಗಿದ್ದರು. ಬಾಗಿಲ ಪಕ್ಕದಲ್ಲಿ ಅಜ್ಜ ನಿಂತಿದ್ದ, ಪಕ್ಕದಲ್ಲಿ ಅವನ ಮಗಳು. ಹೆಂಡತಿ ಇಲ್ಲದ ಅವನಿಗೆ ಇದ್ದವಳು ಅವಳೊಬ್ಬಳೇ.

ರಿಜಿಸ್ಟರಿನಲ್ಲಿ ಐದಾರು ವಾರ ಸುಳ್ಳು ಬರೆದದ್ದನ್ನು ಅಜ್ಜ ಕೇಳುವ ಮೊದಲೇ ಒಪ್ಪಿಕೊಂಡ. ನೀರು ನೆಟ್ಟಗಿದ್ದ ವಾರಗಳ ಸುಳ್ಳು ಅದು. ಅಷ್ಟು ವಾರ ಸುಳ್ಳು ಬರೆದವನು ಆಮೇಲೆ ಖರೇ ಬರೆದನೆಂದು ಯಾರು ನಂಬುತ್ತಾರೆ?

ಸಾಹೇಬರು ನನ್ನ ಕಡೆ ತಿರುಗಿದರು. "ನಿಮ್ಮ ಈ ಲೆಕ್ಕ ಸರಿ ಅದನೋ?"

ಅಂದು ನನಗೆ ಹೆದರಿಕೆ ಇತ್ತು ಎಂದು ಬರೆದರೆ ಅದೂ ಅರ್ಧ ಸುಳ್ಳಾದೀತು. ಹೆದರಿಕೆಗಿಂತ ಹೆಚ್ಚು ಇದ್ದದ್ದು ನಾಚಿಕೆ. ಶಾಲೆಯ ಹುಡುಗರು ಮಾಡುವ ತಪ್ಪು, ಕಳೆಯುವಲ್ಲಿ ಕೂಡಿದೆ ಎಂದು ಅಷ್ಟು ಜನರ ಮುಂದೆ ಹೇಳುವುದು. ದೊಡ್ಡ ತಪ್ಪಾಗಿದ್ದರೆ ಹೇಳುತ್ತಿದ್ದೆನೋ ಏನೋ.

"ಸರಿ ಅದರಿ," ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಜ್ಜನ ಕೈಯಿಂದ ಚಾವಿ ತೆಗೆದುಕೊಂಡರು. ಆರ್ಡರ್ ಮೀರಿ ತೂಬು ನಡೆಸಿ ಒಬ್ಬರ ಸಾವಿಗೆ ಕಾರಣನಾದವನು ಎಂದು ಬರೆದು ಕೆಲಸದಿಂದ ತೆಗೆದರು. ಅವನ ಊರಿನಲ್ಲಿ ಅವನ ಕೈಯಿಂದ ನೀರು ಇಸಿದುಕೊಳ್ಳುವುದನ್ನೂ ಕೆಲವರು ಬಿಟ್ಟರಂತೆ. ನಾನು ಇಂಚಿಗೆ ಒಂದು ಸುತ್ತು ಎಂದು ಆರ್ಡರ್ ತಿದ್ದಿದೆ. "ಮುನ್ನೆಚ್ಚರಿಕೆಯಾಗಿ" ಎಂಬ ಮಾತನ್ನೂ ಸೇರಿಸಿದೆ. ಕಾಲುವೆ ಮತ್ತೆ ನೆಟ್ಟಗಾಯಿತು. ಅದಕ್ಕೆ ನನಗೆ ಶಹಬ್ಬಾಸ್‌ಗಿರಿ ಸಿಕ್ಕಿತು.

ನಾಲ್ಕು ವರ್ಷ ಆ ಹಾಳೆ ಟ್ರಂಕಿನಲ್ಲಿತ್ತು. ಅರವತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಬೇರೆ ಕಡೆ ವರ್ಗವಾಯಿತು. ಹೊರಡುವ ಮುಂಚೆ ಒಂದು ಮಧ್ಯಾಹ್ನ ಬಸ್ಸು ಹತ್ತಿ ದುಂಡಸಿಗೆ ಹೋದೆ. ಅಜ್ಜ ಅಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ಕೇಳಿ ತಿಳಿದುಕೊಂಡಿದ್ದೆ.

ಅವನು ಕಟ್ಟೆಯ ಮೇಲೆ ಕೂತಿದ್ದ. ಬಹಳ ಇಳಿದುಹೋಗಿದ್ದ. ನನ್ನನ್ನು ಕಂಡವನೇ ಎದ್ದು ರುಮಾಲು ಸರಿಮಾಡಿಕೊಂಡ. "ಬರ್ರಿ ಸಾಹೇಬ್ರ, ಕುಂತ್ಕೊಳ್ರಿ," ಎಂದು ತಾನು ಕೂತಿದ್ದ ಜಾಗವನ್ನು ಕೈಯಿಂದ ಒರೆಸಿದ. ಅವನ ಪಕ್ಕದಲ್ಲಿ ಆ ಬೆಣಚುಕಲ್ಲುಗಳಿದ್ದವು.

ನಾನು ಸುತ್ತಿ ಬಳಸಿ ಹೇಳಲಿಲ್ಲ. "ಅಜ್ಜಾ, ಲೆಕ್ಕ ತಪ್ಪಿದ್ದು ನಂದು. ನಿಂದಲ್ಲ. ಕಳಿಯೂ ಕಡೆ ಕೂಡಿದ್ದೆ. ವಿಚಾರಣಿ ದಿನ ನನಗ ಗೊತ್ತಿತ್ತು." ಹಾಳೆ ತೆಗೆದು ಬಿಚ್ಚಿದೆ, ಬೆರಳಿಟ್ಟು ತೋರಿಸಿದೆ. ನಿನ್ನ ಅರ್ಧ ಸುತ್ತೇ ಸರಿ ಇತ್ತು, ಇದೇ ಕೋಷ್ಟಕ ಹಾಗೆ ಹೇಳುತ್ತದೆ ಎಂದೆ.

ಅವನು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದ. ಆಮೇಲೆ ನಕ್ಕ.

"ದೊಡ್ಡ ಮನಸಿನೋರು ನೀವು. ನನ್ನ ಸಮಾಧಾನಕ್ಕ ಇಷ್ಟ ದೂರ ಬಂದು ಹೇಳಾಕತ್ತೀರಿ. ತಪ್ಪು ನಂದ ಐತ್ರಿ. ನಾ ಹುಡುಕಿ ಹಿಡದೇನಿ." ಕಲ್ಲುಗಳನ್ನು ನನ್ನ ಮುಂದೆ ಸಾಲಾಗಿ ಇಟ್ಟ. "ಇಪ್ಪತ್ತ ಕಲ್ಲಂತ ತಿಳಕೊಂಡಿದ್ದೆ. ಇಲ್ಲಿ ಬಂದು ಎಣಸಿದ್ರ ಇಪ್ಪತ್ತೊಂದ ಅದಾವು. ಒಂದ ಕಲ್ಲು ಎಲ್ಲಿಂದೋ ಸೇರೈತಿ. ಅದ ನನ್ನ ಲೆಕ್ಕ ತಪ್ಪಿಸೇತಿ. ಆ ಹೆಣ್ಮಗಳ ಜೀವಾ ಇದರ ಮ್ಯಾಲೆ ಹೋತ್ರಿ." ಇಪ್ಪತ್ತೊಂದನೆಯ ಕಲ್ಲನ್ನು ಬೇರೆಯಾಗಿ ಇಟ್ಟಿದ್ದ. ಅದನ್ನು ಬೆರಳಿನಿಂದಲೂ ಮುಟ್ಟಲಿಲ್ಲ.

ಸುತ್ತಿಗೆ ಒಂದು ಕಲ್ಲು ಸರಿಸುವವನಿಗೆ ರಾಶಿಯಲ್ಲಿ ಒಂದು ಹೆಚ್ಚಿದ್ದರೆ ಏನೂ ತಪ್ಪಾಗುವುದಿಲ್ಲ. ಅದನ್ನೂ ಹೇಳಿದೆ. ಎರಡು ಸಲ ಹೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡುತ್ತಿದ್ದ. ನಾಲ್ಕು ವರ್ಷ ಹುಡುಕಿ ಒಂದು ತಪ್ಪನ್ನು ದೊರಕಿಸಿಕೊಂಡಿದ್ದ ಅವನು ಅದನ್ನು ನನಗೆ ಬಿಟ್ಟುಕೊಡಲು ತಯಾರಿರಲಿಲ್ಲ.

ಮಗಳು ಚಹಾ ತಂದಳು. ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಕಪ್ಪನ್ನು ಕಟ್ಟೆಯ ಮೇಲೆ ಇಡುವಾಗ, ಅಜ್ಜನಿಗೆ ಕೇಳದ ಹಾಗೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು.

"ಇದನ್ನ ಅವತ್ತ ಬಂಗಲ್ಯಾಗ ಹೇಳಬೇಕಿತ್ತಲ್ರಿ."

ಚಹಾ ಕುಡಿದೆ. ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಎದ್ದೆ. ಬೇಡವೆಂದರೂ ಕೇಳದೆ ಅಜ್ಜ ಕೋಲೂರಿಕೊಂಡು ಬಸ್ಸಿನ ತನಕ ಬಂದ. ಶಿಗ್ಗಾವಿಯ ಬಸ್ಸು ತುಂಬಿತ್ತು. ಅವನು ಕಂಡಕ್ಟರನ ತೋಳು ಹಿಡಿದು ಹೇಳಿದ.

"ಸೀಟ ಕೊಡಪ್ಪಾ ಇವರಿಗೆ. ನಮ್ಮ ಸಾಹೇಬ್ರು. ಲೆಕ್ಕದಾಗ ಎಂದೂ ತಪ್ಪಿದೋರಲ್ಲ."

ಕಂಡಕ್ಟರ್ ಯಾರನ್ನೋ ಎಬ್ಬಿಸಿ ಜಾಗ ಮಾಡಿಕೊಟ್ಟ. ನಾನು ಕೂತೆ.